ಪುಟ್ ಮಾರಿದ ಮೇಲೆ ಇನ್ನೊಂದು ಪುಟ್ ಕೊಳ್ಳುವುದು ಯಾಕೆ?

ಪ್ರಶ್ನೆ: ಶೇರು ಬೀಳಲ್ಲ ಅನ್ನಿಸಿದಾಗ ನಾನು ಪುಟ್ ಮಾರಿ ಪ್ರೀಮಿಯಂ ತಗೊಳ್ತೀನಿ. ಬುಲ್ ಪುಟ್ ಸ್ಪ್ರೆಡ್ ಮಾಡಿ ಅಂತ ಸ್ನೇಹಿತರು ಹೇಳ್ತಾರೆ. ಆದ್ರೆ ಅದರಲ್ಲಿ ಬಂದ ದುಡ್ಡಲ್ಲಿ ಅರ್ಧ ಇನ್ನೊಂದು ಪುಟ್ ಕೊಳ್ಳೋಕೇ ಹೋಗುತ್ತಲ್ಲ? ಬೀಳಲ್ಲ ಅನ್ನೋ ನಂಬಿಕೆ ಇದ್ದ ಮೇಲೆ ಆ ಖರ್ಚು ಯಾಕೆ?

ಉತ್ತರ: ನಂಬಿಕೆ ತಪ್ಪಾದ ದಿನಕ್ಕಾಗಿ. ಆ ದಿನ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕೋಣ, ಖರ್ಚು ಜಾಸ್ತಿಯೋ ಕಮ್ಮಿಯೋ ಅಂತ ನೀವೇ ಹೇಳಿ.

ಒಂದು ಶೇರು 1,520 ರೂಪಾಯಿಯಲ್ಲಿದೆ, ಲಾಟ್ 500 ಅಂದುಕೊಳ್ಳಿ. ಎಕ್ಸ್‌ಪೈರಿಗೆ ಒಂದು ತಿಂಗಳಿದೆ. ನೀವು 1,480ರ ಪುಟ್ ಅನ್ನು 23 ರೂಪಾಯಿಗೆ ಮಾರುತ್ತೀರಿ, ಅಂದರೆ ಎಕ್ಸ್‌ಪೈರಿ ದಿನ ಬೆಲೆ ಎಷ್ಟೇ ಬಿದ್ದಿರಲಿ, ಶೇರನ್ನು 1,480ಕ್ಕೆ ಕೊಳ್ಳುತ್ತೀನಿ ಅಂತ ಎದುರಿನವರಿಗೆ ಮಾತು ಕೊಡುತ್ತೀರಿ. ಬರೀ ಇಷ್ಟೇ ಮಾಡಿದರೆ 11,500 ರೂಪಾಯಿ ಬಂತು. ಈಗ ಕೆಟ್ಟ ಸುದ್ದಿ ಬಂದು ಶೇರು 1,320ಕ್ಕೆ ಇಳಿಯಿತು ಅನ್ನಿ. ಎಕ್ಸ್‌ಪೈರಿ ದಿನ ನಿಮ್ಮ ಪುಟ್ 160 ರೂಪಾಯಿ ಬಾಳುತ್ತದೆ. ಬಂದ 23 ಕಳೆದರೂ ಶೇರಿಗೆ 137 ರೂಪಾಯಿ ನಷ್ಟ, ಲಾಟಿಗೆ 68,500. ಇನ್ನೂ ಬಿದ್ದರೆ ಇನ್ನೂ ಹೋಗುತ್ತದೆ.

ಇದರ ಜೊತೆಗೇ 1,440ರ ಪುಟ್ ಅನ್ನು 12 ರೂಪಾಯಿಗೆ ಕೊಂಡಿದ್ದರೆ? ಇದೇ ಬುಲ್ ಪುಟ್ ಸ್ಪ್ರೆಡ್. ಕೈಗೆ ಉಳಿಯುವುದು 11 ರೂಪಾಯಿ, ಲಾಟಿಗೆ 5,500. ಆದರೆ 1,440ಕ್ಕಿಂತ ಕೆಳಗೆ ನೀವು ಮಾರಿದ ಪುಟ್‌ನಲ್ಲಿ ಹೋಗುವ ಪ್ರತಿ ರೂಪಾಯಿ, ಕೊಂಡ ಪುಟ್‌ನಲ್ಲಿ ವಾಪಸ್ ಬರುತ್ತದೆ. 1,480 ಮತ್ತು 1,440, ಈ ಎರಡು ಸ್ಟ್ರೈಕ್‌ಗಳ ನಡುವಿನ 40 ರೂಪಾಯಿಯಲ್ಲಿ ಬಂದ 11 ಕಳೆದರೆ 29. ಲಾಟಿಗೆ 14,500. ಶೇರು 1,320ಕ್ಕೆ ಬರಲಿ, 1,000ಕ್ಕೆ ಬರಲಿ, ಅಷ್ಟೇ. 1,469 ನಿಮ್ಮ ಲಾಭನಷ್ಟದ ಗೆರೆ. ಎಕ್ಸ್‌ಪೈರಿ ದಿನ ಶೇರು 1,480 ಅಥವಾ ಅದರ ಮೇಲಿದ್ದರೆ 5,500 ಪೂರ್ತಿ ನಿಮ್ಮದು. ಅಂದರೆ ಶೇರು ಏರಲೇಬೇಕು ಅಂತಿಲ್ಲ. ನಿಂತಲ್ಲೇ ನಿಂತರೂ, ಒಂದಿಷ್ಟು ಜಾರಿದರೂ ಸರಿ.

ಮಾರ್ಜಿನ್, ಅಂದರೆ ಬ್ರೋಕರ್ ಬಳಿ ಒತ್ತೆಯಾಗಿ ಇಡಬೇಕಾದ ದುಡ್ಡು ಕೂಡ ಕಮ್ಮಿಯಾಗುತ್ತದೆ. ಬರೀ ಪುಟ್ ಮಾರಿದರೆ ಇಂಥ ಲಾಟಿಗೆ ಲಕ್ಷ ದಾಟುವ ಮಾರ್ಜಿನ್ ಬೇಕು. ಕೆಳಗೆ ಕೊಂಡ ಪುಟ್‌ನ ರಕ್ಷಣೆ, ಅಂದರೆ ಹೆಡ್ಜ್ ಇದ್ದರೆ ಅದರಲ್ಲಿ ಒಂದು ಪಾಲು ಸಾಕು. ಅದಕ್ಕೇ ಮೊದಲು 1,440ರ ಪುಟ್ ಕೊಳ್ಳಿ, ಆಮೇಲೆ 1,480 ಮಾರಿ. ಉಲ್ಟಾ ಮಾಡಿದರೆ ಮಾರುವ ಹೊತ್ತಿಗೆ ಪೂರ್ತಿ ಮಾರ್ಜಿನ್ ಕೇಳುತ್ತದೆ, ಆರ್ಡರ್ ರಿಜೆಕ್ಟ್ ಆದೀತು.

ಆದರೂ ಇದು ಪುಕ್ಕಟೆ ದುಡ್ಡಲ್ಲ. ಗೆದ್ದರೆ 11, ಸೋತರೆ 29. ಪ್ರತಿ ಸಲ ಪೂರ್ತಿ ಗೆಲುವು ಇಲ್ಲವೇ ಪೂರ್ತಿ ಸೋಲು ಅಂತಿಟ್ಟುಕೊಂಡರೆ, ನೂರಕ್ಕೆ 73 ಸಲ ಗೆದ್ದರಷ್ಟೇ ಅಸಲು ಉಳಿಯುತ್ತದೆ. ಒಂದು ಪೂರ್ತಿ ಸೋಲು ಎರಡೂವರೆಗೂ ಹೆಚ್ಚು ಗೆಲುವನ್ನು ನುಂಗುತ್ತದೆ. ಸ್ಟಾಕ್ ಆಪ್ಷನ್‌ನಲ್ಲಿ ಇನ್ನೊಂದು ತೊಂದರೆ: ಕೆಳಗಿನ ಸ್ಟ್ರೈಕ್‌ಗಳಲ್ಲಿ ವ್ಯಾಪಾರವೇ ಕಮ್ಮಿ. ಪರದೆ ಮೇಲೆ 12 ಅಂತ ಕಂಡರೂ ಕೊಳ್ಳುವವರು 10 ಅನ್ನುತ್ತಾರೆ, ಮಾರುವವರು 14 ಅನ್ನುತ್ತಾರೆ. ಮಾರ್ಕೆಟ್ ಆರ್ಡರ್ ಹಾಕಿ 14ಕ್ಕೆ ಕೊಂಡು, ಆ ಕಡೆ 22ಕ್ಕೆ ಮಾರಿದರೆ 11 ಇದ್ದದ್ದು 8 ಆಯಿತು. ನಷ್ಟದ ಮಿತಿ 29ರಿಂದ 32ಕ್ಕೆ ಏರಿತು. ಲಿಮಿಟ್ ಆರ್ಡರ್ ಹಾಕಿ ಕಾಯಿರಿ. ಬೇಕಾದ ರೇಟು ಸಿಗದಿದ್ದರೆ ಬಿಟ್ಟುಬಿಡಿ.

ಇನ್ನು ಮುಖ್ಯ ವಿಷಯ. ನಷ್ಟಕ್ಕೆ ಮಿತಿ ಇದೆ ಅಂದೆ. ನಮ್ಮ ದೇಶದ ಸ್ಟಾಕ್ ಆಪ್ಷನ್‌ನಲ್ಲಿ ಆ ಮಿತಿಗೆ ಒಂದು ತೂತು ಇದೆ. 2019ರ ಅಕ್ಟೋಬರ್‌ನಿಂದ ಎಲ್ಲ ಸ್ಟಾಕ್ ಆಪ್ಷನ್‌ಗಳಿಗೂ ಫಿಸಿಕಲ್ ಸೆಟಲ್‌ಮೆಂಟ್. ಎಕ್ಸ್‌ಪೈರಿ ದಿನ ದುಡ್ಡಿನ ಲೆಕ್ಕ ಅಲ್ಲ, ಶೇರುಗಳೇ ಕೈ ಬದಲಾಗುತ್ತವೆ.

ಎಕ್ಸ್‌ಪೈರಿ ದಿನ ಶೇರು 1,460ಕ್ಕೆ ನಿಂತಿತು ಅಂತಿಟ್ಟುಕೊಳ್ಳಿ, ಅಂದರೆ ಎರಡು ಸ್ಟ್ರೈಕ್‌ಗಳ ಸರಿ ಮಧ್ಯೆ. ಕಾಗದದ ಮೇಲೆ ಬರೀ 9 ರೂಪಾಯಿ ನಷ್ಟ, 4,500. ಆದರೆ ನೀವು ಮಾರಿದ 1,480ರ ಪುಟ್ 20 ರೂಪಾಯಿ ಬಾಳುತ್ತದೆ. ಎದುರಿನವರು 500 ಶೇರುಗಳನ್ನು 1,480ರಂತೆ ನಿಮಗೆ ಕೊಡುತ್ತಾರೆ, ನೀವು 7,40,000 ರೂಪಾಯಿ ಕೊಡಬೇಕು. ನಿಮ್ಮನ್ನು ಕಾಯಬೇಕಿದ್ದ 1,440ರ ಪುಟ್? ಅದು ಸೊನ್ನೆಯಾಗಿ ಸತ್ತಿದೆ. ಮರುದಿನ ಶೇರು 1,400ಕ್ಕೆ ತೆರೆದರೆ ಆ ನಷ್ಟಕ್ಕೆ ಯಾವ ಹೆಡ್ಜೂ ಇಲ್ಲ. 1,440ಕ್ಕಿಂತ ಕೆಳಗೆ ಮುಗಿದಿದ್ದರೆ ಒಂದು ಕಡೆ ಶೇರು ತಗೊಳ್ಳುವುದು, ಇನ್ನೊಂದು ಕಡೆ ಕೊಡುವುದು ಪರಸ್ಪರ ವಜಾ ಆಗುತ್ತಿತ್ತು. ತೂತು ಇರುವುದು ಮಧ್ಯದ ಆ 40 ರೂಪಾಯಿಯಲ್ಲಿ.

ಹಾಗಾಗಿ ಸ್ಟಾಕ್‌ನ ಸ್ಪ್ರೆಡ್ ಅನ್ನು ಎಕ್ಸ್‌ಪೈರಿ ತನಕ ಎಳೆಯಬೇಡಿ ಅಂತಲೇ ನಾನು ಹೇಳುವುದು. ಎಕ್ಸ್‌ಪೈರಿ ಹತ್ತಿರ ಬಂದ ಹಾಗೆ ಡೆಲಿವರಿ ಮಾರ್ಜಿನ್ ಬೇರೆ ಏರುತ್ತದೆ. ಕೊನೆಯ ವಾರಕ್ಕೆ ಮುಂಚೆಯೇ ಹೊರಗೆ ಬನ್ನಿ. ನಿಫ್ಟಿಯಂಥ ಇಂಡೆಕ್ಸ್ ಆಪ್ಷನ್‌ನಲ್ಲಿ ಲೆಕ್ಕ ದುಡ್ಡಲ್ಲೇ ಮುಗಿಯುವುದರಿಂದ ಈ ತಲೆನೋವಿಲ್ಲ. ಅಮೆರಿಕದ ವಿಡಿಯೋ ನೋಡಿದವರು ಇನ್ನೊಂದು ಕೇಳುತ್ತಾರೆ: ಮಧ್ಯದಲ್ಲೇ ಯಾರಾದರೂ ಪುಟ್ ಚಲಾಯಿಸಿ ಶೇರು ತಂದುಕೊಟ್ಟರೆ? ಅಲ್ಲಿನ ಸ್ಟಾಕ್ ಆಪ್ಷನ್‌ನಲ್ಲಿ ಅದು ಆಗುತ್ತದೆ. ಇಲ್ಲಿಯವು ಯುರೋಪಿಯನ್ ಮಾದರಿಯವು, ಎಕ್ಸ್‌ಪೈರಿ ದಿನವೇ ಲೆಕ್ಕ.

ಬೇಗ ಹೊರಬರಲು ಇನ್ನೊಂದು ಕಾರಣವೂ ಇದೆ. ಶೇರು ನಿಂತಲ್ಲೇ ನಿಂತು ದಿನ ಕಳೆದ ಹಾಗೆ 11ಕ್ಕೆ ಮಾರಿದ ಸ್ಪ್ರೆಡ್ 3 ರೂಪಾಯಿಗೆ ಇಳಿಯಿತು ಅನ್ನಿ. ಆಗಲೇ ಲಾಟಿಗೆ 4,000 ಬಂದಾಯಿತು. ಉಳಿದ 3 ರೂಪಾಯಿಗೆ ಕಾದು ಕೂತರೆ, ಅದಕ್ಕಾಗಿ ಒಡ್ಡಿರುವುದು 37 ರೂಪಾಯಿ. ಸಾಕು ಅಂತ ಏಳುವ ಸಮಯ ಅದು. ಶೇರು ಬಿದ್ದಾಗಲೂ ಗಾಬರಿಗಿಂತ ಲೆಕ್ಕ ಒಳ್ಳೆಯದು. ಮೊದಲ ವಾರದಲ್ಲೇ ಶೇರು 1,470ಕ್ಕೆ ಬಂದರೆ ಸ್ಪ್ರೆಡ್ ಸುಮಾರು 16-17 ಆಗಿರುತ್ತದೆ, ಅಂದರೆ 3,000ದ ಹತ್ತಿರ ನಷ್ಟ. ಕೊಂಡ ಪುಟ್ ಕೂಡ ಏರುತ್ತದಲ್ಲ, ಅದಕ್ಕೇ ನಷ್ಟ ಮೆಲ್ಲಗೆ ಬೆಳೆಯುತ್ತದೆ. ನಿಮ್ಮ ಅಂದಾಜು ತಪ್ಪು ಅನ್ನಿಸಿದರೆ 14,500 ಆಗುವವರೆಗೆ ಕಾಯಬೇಕಿಲ್ಲ.

ಮುಚ್ಚುವಾಗ ಕ್ರಮ ತಿರುಗುತ್ತದೆ. ಮಾರಿದ ಪುಟ್ ಅನ್ನು ಮೊದಲು ವಾಪಸ್ ಕೊಳ್ಳಿ, ಆಮೇಲೆ ಹೆಡ್ಜ್ ಮಾರಿ. ನಾನು ಒಮ್ಮೆ ಜಾಣತನ ತೋರಿಸಲು ಹೋಗಿದ್ದೆ. ಶುಕ್ರವಾರ ಮಧ್ಯಾಹ್ನ ಶೇರು ಗಟ್ಟಿಯಾಗಿತ್ತು. ಕೆಳಗಿನ ಪುಟ್‌ನಲ್ಲಿ ಇನ್ನೂ 3 ರೂಪಾಯಿ ಉಳಿದಿದೆ, ಸುಮ್ನೆ ಯಾಕೆ ಸಾಯಿಸುವುದು ಅಂತ ಅದನ್ನು ಮೊದಲು ಮಾರಿಬಿಟ್ಟೆ. ಕೂಡಲೇ ಮಾರ್ಜಿನ್ ಸಾಲದು ಅಂತ ಮೆಸೇಜ್ ಬಂತು. ಸೋಮವಾರ ಬೆಳಗ್ಗೆ ಶೇರು 70 ರೂಪಾಯಿ ಕೆಳಗೆ ತೆರೆಯಿತು. ಆ 3 ರೂಪಾಯಿ ಉಳಿಸಿದ್ದಕ್ಕೆ ನಾಲ್ಕು ತಿಂಗಳ ಪ್ರೀಮಿಯಂ ಕೊಟ್ಟು ಬಂದೆ.