ಫೋನಲ್ಲಿ ಮಾತಾಡಿದ ಮೇಲೆ ಬರೆಯಬೇಕಾದ್ದು: ಎಷ್ಟು ದುಡ್ಡು, ಯಾವ ಲೆಕ್ಕದಲ್ಲಿ, ಯಾವ ತಿಂಗಳು

ದಾವಣಗೆರೆಯಲ್ಲಿ ಮನೆ ಬಾಡಿಗೆಯ ತಕರಾರು ಹೊತ್ತು ಬರುವ ಜನರ ಫೋನುಗಳಲ್ಲಿ ಒಂದು ಮೆಸೇಜ್ ಹೆಚ್ಚು ಕಡಿಮೆ ಒಂದೇ ತರಹ ಇರುತ್ತದೆ: ‘ಸರ್, ಫೋನಲ್ಲಿ ಮಾತಾಡಿದಂಗೆ ಮೋಟರ್ ರಿಪೇರಿ ಮಾಡಿಸ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳೋಣ.’ ಅದರ ಕೆಳಗೆ ಮಾಲೀಕರದ್ದು ಒಂದು ಹೆಬ್ಬೆರಳು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಒಂದೂವರೆ ವರ್ಷದ ನಂತರ ಮನೆ ಖಾಲಿ ಮಾಡುವಾಗ ಈ ಮೆಸೇಜ್ ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಏನು ಮಾತಾಡಿದರು ಎನ್ನುವುದೇ ಅದರಲ್ಲಿಲ್ಲ.

ಬಾಡಿಗೆ ಕರಾರು ಪತ್ರ ಹೇಗಿರಬೇಕು ಎಂದು ಇಲ್ಲಿ ಹೇಳಲು ಹೊರಟಿಲ್ಲ. ಪತ್ರ ಇದೆ ಎಂದೇ ಇಟ್ಟುಕೊಳ್ಳೋಣ. ಪತ್ರ ಬರೆದ ಮೇಲೆ ಹನ್ನೊಂದು ತಿಂಗಳ ಉದ್ದಕ್ಕೂ ಫೋನಲ್ಲಿ ಆಗುವ ಒಪ್ಪಂದಗಳು ಎಲ್ಲೂ ಉಳಿಯುವುದಿಲ್ಲ ಎನ್ನುವುದೇ ಸಮಸ್ಯೆ. ಅದರಲ್ಲೂ ರಿಪೇರಿಯ ದುಡ್ಡು. ಅದನ್ನು ಬಾಡಿಗೆಯಲ್ಲಿ ಕಳೆಯುವುದೋ, ಅಡ್ವಾನ್ಸ್‌ನಲ್ಲಿ ಹಿಡಿಯುವುದೋ, ಮಾಲೀಕರು ಬೇರೆಯಾಗಿ ಕೊಡುವುದೋ ಎಂದು ಬರೆಯದೇ ಬಿಡುತ್ತಾರೆ. ಎಷ್ಟು ಸಲ ಹೇಳಿದರೂ ಜನ ಇದೊಂದನ್ನೇ ಬಿಡುವುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಟ್ಟುವಳ್ಳಿಯಲ್ಲಿ ಮೊದಲನೇ ಮಹಡಿಯ ಮನೆ. ಮಾಲೀಕರು ಚಿತ್ರದುರ್ಗದಲ್ಲಿ ಮಗನ ಜೊತೆ ಇದ್ದಾರೆ. ಬಾಡಿಗೆ 9,000, ಅಡ್ವಾನ್ಸ್ 60,000. ಒಂದು ಭಾನುವಾರ ಸಂಜೆ ಇಪ್ಪತ್ತು ನಿಮಿಷ ಫೋನಲ್ಲಿ ಮಾತಾಯಿತು. ಜುಲೈನಿಂದ ಬಾಡಿಗೆ ನೂರಕ್ಕೆ ಐದರಂತೆ ಏರಿಸುವುದಕ್ಕೆ ಬಾಡಿಗೆದಾರ ಒಪ್ಪಿದ. ಸಂಪಿನ ಮೋಟರ್ ಸುಟ್ಟಿದೆ ಎಂದಾಗ ಮಾಲೀಕರು ‘ಮಾಡಿಸ್ಕೊಳ್ರಿ, ಬಾಡಿಗೇಲಿ ಹಿಡ್ಕೊಳ್ರಿ’ ಎಂದರು. ಬಚ್ಚಲುಮನೆಯ ಗೋಡೆ ತೇವದ ಬಗ್ಗೆ ‘ನೋಡಾಣ ಬಿಡ್ರಿ’ ಎಂದರು. ಮನೆ ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇನೆ ಎಂದು ಅವರು ಹೇಳಿದಾಗ ಬಾಡಿಗೆದಾರ ಸುಮ್ಮನಿದ್ದ.

ಒಂದೇ ಕರೆಯಲ್ಲಿ ಮೂರು ತರಹದ ಮಾತುಗಳಿವೆ. ಬಾಡಿಗೆ ಏರಿಕೆ ಪೂರ್ತಿ ಒಪ್ಪಿದ್ದು. ಮೋಟರ್ ಒಪ್ಪಿದ್ದೇ ಆದರೂ ಮೊತ್ತ ಗೊತ್ತಿಲ್ಲದ್ದು. ತೇವ ಮತ್ತು ಪೇಂಟಿಂಗ್ ತೀರ್ಮಾನವೇ ಆಗದ್ದು. ಇವನ್ನೆಲ್ಲ ‘ಮಾತಾಡಿದಂಗೆ’ ಎನ್ನುವ ಒಂದೇ ಚೀಲಕ್ಕೆ ಹಾಕಿದರೆ ಮುಂದೆ ಇಬ್ಬರೂ ತಮಗೆ ಬೇಕಾದ್ದನ್ನೇ ಅದರಿಂದ ತೆಗೆಯುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ನೆನಪು ತನಗೆ ಅನುಕೂಲವಾದ ಕಡೆಗೇ ವಾಲುತ್ತದೆ.

ಅದೇ ಸಂಜೆ ಬಾಡಿಗೆದಾರ ಕಳಿಸಬೇಕಾದ ಮೆಸೇಜ್ ಇದು:

‘ನಮಸ್ಕಾರ ಸರ್. ಇವತ್ತು, 8 ಜೂನ್ 2025, ಭಾನುವಾರ ಸಂಜೆ ನಿಟ್ಟುವಳ್ಳಿ ಮನೆ ಬಗ್ಗೆ ಫೋನಲ್ಲಿ ಮಾತಾಡಿದ್ದನ್ನ ಇಬ್ಬರಿಗೂ ನೆನಪಿರಲಿ ಅಂತ ಬರೀತಿದೀನಿ.

1. ಬಾಡಿಗೆ: ಈಗ 9,000. ಜುಲೈ 1ರಿಂದ 9,450. ಎಂದಿನಂತೆ ಆಯಾ ತಿಂಗಳ 5ನೇ ತಾರೀಖಿನೊಳಗೆ ಕೊಡ್ತೀನಿ.

2. ಅಡ್ವಾನ್ಸ್: ನಿಮ್ಮ ಹತ್ರ ನಂದು 60,000 ಇದೆ. ಅದು ಹಾಗೇ ಇರುತ್ತೆ, ಹೆಚ್ಚು ಮಾಡೋದಿಲ್ಲ, ರಿಪೇರಿ ಖರ್ಚು ಅದರಲ್ಲಿ ಹಿಡಿಯೋದಿಲ್ಲ.

3. ಸಂಪಿನ ಮೋಟರ್: ಖರ್ಚು ನಿಮ್ಮದು ಅಂದ್ರಿ. ರಿವೈಂಡಿಂಗಿಗೆ ಮೆಕ್ಯಾನಿಕ್ 2,800 ಹೇಳಿದಾರೆ. ನಾನು ಮಾಡಿಸಿ, ಬಿಲ್ ನಿಮಗೆ ಕಳಿಸಿ, ಬಿಲ್ಲಿನ ಮೊತ್ತವನ್ನ ಜುಲೈ ಬಾಡಿಗೆಯಲ್ಲಿ ಒಂದೇ ಸಲ ಕಳೆದು ಕೊಡ್ತೀನಿ. 3,000 ದಾಟೋದಾದ್ರೆ ಕೆಲಸಕ್ಕೆ ಮೊದಲೇ ನಿಮ್ಮನ್ನ ಕೇಳ್ತೀನಿ.

ತೀರ್ಮಾನ ಆಗದೇ ಇರೋದು: ಬಚ್ಚಲುಮನೆ ಗೋಡೆ ತೇವ. 22ನೇ ತಾರೀಖಿನೊಳಗೆ ಬಂದು ನೋಡಿ ಅಂತ ನನ್ನ ಕೋರಿಕೆ. ಖರ್ಚು ಯಾರದು ಅಂತ ಮಾತಾಗಿಲ್ಲ. ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡೀತೀನಿ ಅಂದ್ರಿ. ಅದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ, ಎದುರಾ ಎದುರು ಮಾತಾಡೋಣ.

ಇದರಲ್ಲಿ ಏನಾದ್ರೂ ತಪ್ಪಿದ್ರೆ ತಿಳಿಸಿ. 1, 2, 3 ಸರಿ ಇದ್ರೆ ದಯವಿಟ್ಟು ‘1, 2, 3 ಸರಿ ಇದೆ’ ಅಂತ ಬರೆದು ಕಳಿಸಿ. ಆಮೇಲೆ ಮೋಟರ್ ಬಿಚ್ಚಿಸ್ತೀನಿ.’

ಉದ್ದವಾಯಿತು ಅನಿಸಬಹುದು. ಆದರೆ ಇದರಲ್ಲಿ ತೆಗೆಯಬಹುದಾದ ಸಾಲು ಒಂದೂ ಇಲ್ಲ.

ಮೋಟರಿನ ಸಾಲನ್ನೇ ನೋಡಿ. ಖರ್ಚು ಯಾರದು, ಮಿತಿ ಎಷ್ಟು, ದಾಖಲೆ ಏನು, ಯಾವ ಲೆಕ್ಕದಲ್ಲಿ, ಯಾವ ತಿಂಗಳು: ಈ ಐದೂ ಅಲ್ಲಿವೆ. ‘ಅಡ್ಜಸ್ಟ್’ ಎಂದಷ್ಟೇ ಬರೆದಿದ್ದರೆ ಏನಾಗುತ್ತಿತ್ತು? ಬಿಲ್ 2,800 ಆಯಿತು, ಬಾಡಿಗೆದಾರ ಜುಲೈನಲ್ಲಿ 6,650 ಕಳಿಸಿದ. ಮಾಲೀಕರ ಬ್ಯಾಂಕ್ ಪುಸ್ತಕದಲ್ಲಿ ಕಾಣುವುದು ಒಂದು ತಿಂಗಳ ಕಡಿಮೆ ಬಾಡಿಗೆ ಮಾತ್ರ. ಅದು ಬಾಕಿಯೋ ಕಡಿತವೋ ಎಂದು ಪುಸ್ತಕ ಹೇಳುವುದಿಲ್ಲ. ಮನೆ ಬಿಡುವ ದಿನ ಅವರು ಲೆಕ್ಕ ತೆಗೆದು ‘ಜುಲೈದು 2,800 ಬಾಕಿ ಐತಲ್ರಿ’ ಎಂದು ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ. ಉಲ್ಟಾ ಕೂಡ ಆಗುತ್ತದೆ. ಬಾಡಿಗೆದಾರ ಜುಲೈನಲ್ಲೂ ಕಳೆದು, ಬಿಡುವಾಗ ಹಳೇ ಬಿಲ್ ತೋರಿಸಿ ಮತ್ತೊಮ್ಮೆ ಕೇಳುತ್ತಾನೆ. ಆದ್ದರಿಂದಲೇ ‘ಒಂದೇ ಸಲ’ ಎನ್ನುವುದು ಬೇಕು, ಅಡ್ವಾನ್ಸ್ ‘ಹಾಗೇ ಇರುತ್ತೆ’ ಎನ್ನುವ ಸಾಲೂ ಬೇಕು. ದುಡ್ಡು ಕಳಿಸುವಾಗ ಯುಪಿಐ ಟಿಪ್ಪಣಿಯಲ್ಲಿ ‘ಜುಲೈ 9450, ಮೋಟರ್ 2800 ಕಳೆದು’ ಎಂದು ಹಾಕಿದರೆ ಮೆಸೇಜೂ ಬ್ಯಾಂಕ್ ಲೆಕ್ಕವೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ.

ನನ್ನನ್ನು ಕೇಳಿದರೆ ಇದಕ್ಕಿಂತ ಚೊಕ್ಕವಾದ ದಾರಿ ಇನ್ನೊಂದಿದೆ. ಬಾಡಿಗೆಯನ್ನು ಪೂರ್ತಿ 9,450 ಕಟ್ಟಿ, ಮಾಲೀಕರಿಂದ 2,800 ಅನ್ನು ಬೇರೆಯಾಗಿ ತರಿಸಿಕೊಳ್ಳಿ. ಆಗ ಯಾವ ತಿಂಗಳ ಬಾಡಿಗೆಯೂ ಕಡಿಮೆ ಕಾಣುವುದಿಲ್ಲ. ಆದರೆ ಎಷ್ಟೋ ಮಾಲೀಕರು ಕೈಯಿಂದ ಕೊಡುವುದಕ್ಕಿಂತ ಕಳೆದುಕೊಳ್ಳಿ ಎನ್ನುವುದನ್ನೇ ಇಷ್ಟಪಡುತ್ತಾರೆ. ಅದೂ ನಡೆಯುತ್ತದೆ, ಬರವಣಿಗೆಯಲ್ಲಿ ಇರಬೇಕು ಅಷ್ಟೇ.

ಮೆಕ್ಯಾನಿಕ್ ಬಿಚ್ಚಿ ನೋಡಿ 3,400 ಎಂದರೆ? ಮಿತಿ ದಾಟಿತು. ಕೆಲಸ ನಿಲ್ಲಿಸಿ, ಹೊಸ ಮೊತ್ತ ಬರೆದು, ಹೊಸ ಒಪ್ಪಿಗೆ ತರಿಸಿಕೊಳ್ಳಬೇಕು. ಕಾರಣವನ್ನೂ ಬಿಲ್ಲಿನ ಮೇಲೆ ಬರೆಸಿ. ಕೆಪಾಸಿಟರ್ ಹೋಗಿದ್ದರೆ ಮೋಟರ್ ಗುಂಯ್ ಎನ್ನುತ್ತದೆ ಆದರೆ ತಿರುಗುವುದಿಲ್ಲ, ಅದು ಸಾಮಾನ್ಯವಾಗಿ ಸಣ್ಣ ಖರ್ಚು. ವೈಂಡಿಂಗ್ ಸುಟ್ಟಿದ್ದರೆ ಸುಟ್ಟ ವಾಸನೆ ಇರುತ್ತದೆ, ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬೀಳಬಹುದು. ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ಓಡಿಸಿ ಕೆಟ್ಟಿದೆ ಎಂದು ಮೆಕ್ಯಾನಿಕ್ ಬರೆದರೆ ಖರ್ಚಿನ ಮಾತು ಬದಲಾಗುತ್ತದೆ, ಮಾಲೀಕರು ಕೇಳುವುದರಲ್ಲಿ ನ್ಯಾಯವಿದೆ. ಹಾಗಾಗಿ ನಿಮಗೇ ಗೊತ್ತಿಲ್ಲದ ಕಾರಣವನ್ನು ಮೆಸೇಜಿನಲ್ಲಿ ಖಚಿತವಾಗಿ ಬರೆಯಬೇಡಿ.

ಇಲ್ಲಿ ಕಾನೂನಿನ ಒಂದು ಮಾತು ಹೇಳಬೇಕು. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ನಂತರ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಇದನ್ನು ಅರ್ಧ ಓದಿ ಬಂದು ‘ಕಟ್ ಮಾಡ್ತೀನಿ’ ಎನ್ನುವವರಿದ್ದಾರೆ. ‘ಮಾಡಿಸಲೇಬೇಕಾದ’ ಎನ್ನುವಲ್ಲೇ ಎಲ್ಲ ಇದೆ. ಯಾವ ರಿಪೇರಿ ಯಾರದು ಎನ್ನುವುದು ನಿಮ್ಮ ಕರಾರಿನಿಂದ ಬರುತ್ತದೆ, ಅಲ್ಲಿ ಇಲ್ಲದಿದ್ದರೆ ವಾದಕ್ಕೆ ಬೀಳುತ್ತದೆ. ‘ಖರ್ಚು ನಿಮ್ಮದು ಅಂದ್ರಿ’ ಎಂಬ ಸಾಲಿಗೆ ಮಾಲೀಕರು ‘ಸರಿ’ ಎಂದು ಬರೆದರೆ ಆ ವಾದವೇ ಬಹುಮಟ್ಟಿಗೆ ಮುಗಿಯುತ್ತದೆ. ತೇವದ ಸಾಲಿನಿಂದ ಇನ್ನೊಂದು ಕೆಲಸವೂ ಆಗುತ್ತದೆ: ಯಾವ ದಿನ ತಿಳಿಸಿದಿರಿ ಎನ್ನುವುದಕ್ಕೆ ಅದು ಸಾಕ್ಷಿ. ಎರಡು ಫೋಟೋ ಜೊತೆಗಿರಲಿ.

ಉತ್ತರ ಬರದಿದ್ದರೆ ಏನು ಎಂದು ಎಲ್ಲರೂ ಕೇಳುತ್ತಾರೆ. ‘ಮೂರು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ’ ಎಂದು ಬರೆದು ನೆಮ್ಮದಿಯಾಗಿ ಕೂರುವವರೂ ಇದ್ದಾರೆ. ಸಾಮಾನ್ಯವಾಗಿ ಮೌನವನ್ನು ಒಪ್ಪಿಗೆ ಎಂದು ಒಬ್ಬರೇ ಘೋಷಿಸಲು ಬರುವುದಿಲ್ಲ. ಎರಡು ನೀಲಿ ಗೆರೆ ಬಂದರೆ ಓದಿದ್ದಾರೆ ಎಂದಷ್ಟೇ. ಹೆಬ್ಬೆರಳು ಬಂದರೂ ಅದು ಬಾಡಿಗೆಗೋ, ಮೋಟರಿಗೋ, ಬರೀ ‘ನೋಡಿದೆ’ ಎನ್ನುವುದಕ್ಕೋ ಹೇಳಲಾಗದು. ಮರುದಿನ ಫೋನ್ ಮಾಡಿ ‘ಸರ್, ಒಂದು ಸಾಲು ಬರೆದು ಹಾಕ್ರಿ’ ಎಂದು ಕೇಳಿ. ಕೇಳುವುದು ಅವಮಾನವಲ್ಲ. ನೀರೇ ಇಲ್ಲದ ಸ್ಥಿತಿಯಲ್ಲಿ ಕಾಯಲಾಗದಿದ್ದರೆ, ಕೆಲಸಕ್ಕೆ ಮೊದಲೇ ಅಂದಾಜು ಮೊತ್ತ ಮತ್ತು ಫೋಟೋ ಕಳಿಸಿ, ‘ನೀರಿಲ್ಲದ ಕಾರಣ ಇವತ್ತೇ ಮಾಡಿಸ್ತಿದೀನಿ’ ಎಂದು ಬರೆದು ಮಾಡಿಸಿ. ಅದು ಒಪ್ಪಿಗೆಗೆ ಸಮವಲ್ಲ, ಆದರೆ ಹೇಳದೆ ಮಾಡಿಸಿದ್ದಕ್ಕಿಂತ ಎಷ್ಟೋ ವಾಸಿ.

ಮಾಲೀಕರೂ ಇದನ್ನು ಓದುತ್ತಿದ್ದರೆ: ಇಂಥ ಮೆಸೇಜ್ ಬಂದಾಗ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಬೇಸರ ಮಾಡಿಕೊಳ್ಳಬೇಡಿ. ಬಾಡಿಗೆ 9,450 ಆಗಿದ್ದಕ್ಕೆ ನಿಮ್ಮ ಕೈಯಲ್ಲಿರುವ ದಾಖಲೆಯೂ ಅದೇ. ತಪ್ಪಿದ್ದ ಸಾಲನ್ನು ಮಾತ್ರ ತಿದ್ದಿ: ‘1, 2 ಸರಿ. 3ರಲ್ಲಿ ನಾನು ಹೇಳಿದ್ದು 2,500ರವರೆಗೆ ಮಾತ್ರ.’ ಆಗ ಮೋಟರಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ ಎಂದು ಅರ್ಥ. ಬಾಡಿಗೆದಾರ ಅದಕ್ಕೆ ಒಪ್ಪಿ ಬರೆಯುವವರೆಗೆ ಮೋಟರ್ ಬಿಚ್ಚಬಾರದು.

ಮೆಸೇಜ್ ಯಾರಿಗೆ ಹೋಗಬೇಕು ಎನ್ನುವುದರಲ್ಲೂ ಎಡವುತ್ತಾರೆ. ಕರಾರು ತಾಯಿಯ ಹೆಸರಲ್ಲಿ, ಫೋನಲ್ಲಿ ಮಾತಾಡಿದ್ದು ಮಗ. ಮಗನಿಗೆ ಕಳಿಸಿ, ಅದನ್ನೇ ಅಮ್ಮನ ನಂಬರಿಗೂ ಕಳಿಸಿ, ‘ನಿಮ್ಮ ಮಗನ ಜೊತೆ ಮಾತಾಡಿದ್ದು’ ಎಂದು ಮೇಲೆ ಬರೆಯಿರಿ.

ಕಳಿಸಿದ ಮೇಲೆ ತಪ್ಪು ಕಂಡರೆ ವಾಟ್ಸಾಪ್‌ನಲ್ಲಿ ಹದಿನೈದು ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ್ದು ಎಂಬ ಗುರುತು ಬೀಳುತ್ತದೆ. ದುಡ್ಡಿನ ಅಂಕಿ ತಪ್ಪಿದ್ದರೆ ಅದನ್ನು ಹಾಗೇ ಬಿಟ್ಟು, ಕೆಳಗೆ ತಿದ್ದುಪಡಿಯನ್ನು ಹೊಸದಾಗಿ ಕಳಿಸುವುದೇ ಸರಿ. ಮೆಸೇಜ್ ತಾನೇ ಅಳಿಸಿಹೋಗುವ ಸೆಟ್ಟಿಂಗ್ ಆ ಚಾಟ್‌ನಲ್ಲಿ ಆನ್ ಆಗಿದೆಯೇ ನೋಡಿ ಆಫ್ ಮಾಡಿ. ಸ್ಕ್ರೀನ್‌ಶಾಟಿನಲ್ಲಿ ‘ಓನರ್ ಅಂಕಲ್’ ಎಂಬ ಹೆಸರು ಕಾಣುತ್ತದೆಯೇ ಹೊರತು ನಂಬರ್ ಕಾಣುವುದಿಲ್ಲ, ಆದ್ದರಿಂದ ನಂಬರ್ ಇರುವ ಪುಟದ್ದೂ ಒಂದು ಚಿತ್ರ ಇಟ್ಟುಕೊಳ್ಳಿ. ಕೋರ್ಟಿಗೆ ಹೋಗುವ ಸಂದರ್ಭ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆಗ ಮೂಲ ಫೋನ್ ಇದ್ದರೆ ಕೆಲಸ ಸಲೀಸು, ಎಕ್ಸ್‌ಚೇಂಜಿಗೆ ಕೊಟ್ಟಿದ್ದರೆ ತಲೆನೋವು.

ಮೆಸೇಜಿಗೂ ಮಿತಿ ಇದೆ. ಕರಾರಿನಲ್ಲೇ ‘ಯಾವ ಬದಲಾವಣೆಯೂ ಇಬ್ಬರ ಸಹಿಯ ಬರಹದಲ್ಲೇ ಆಗಬೇಕು’ ಎಂದಿದ್ದರೆ ಬಾಡಿಗೆ ಏರಿಕೆಯನ್ನು ಮೆಸೇಜಿನ ಮೇಲೆ ಮಾತ್ರ ಬಿಡಬೇಡಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ‘ಮೂರು ವರ್ಷ ಬಿಡಿಸಲ್ಲ’ ಎಂದು ಮಾಲೀಕರು ಬರೆದು ಕಳಿಸಿದರೂ ಅದು ಮೂರು ವರ್ಷದ ಗೇಣಿ ಪತ್ರವಾಗುವುದಿಲ್ಲ. ಒಂದು ವರ್ಷ ಮೀರಿದ ಅವಧಿಗೆ ನೋಂದಣಿಯಾದ ಪತ್ರವೇ ಬೇಕು. ಪೇಂಟಿಂಗ್ ಬಗ್ಗೆ ಮಾತಾಡಲು ಕೂರುವ ದಿನ ಕರಾರು ಪತ್ರದ ಜೆರಾಕ್ಸ್ ಜೊತೆಯಲ್ಲಿ ಒಯ್ಯಿರಿ. ಅದರಲ್ಲಿ ಆ ಷರತ್ತು ಮೊದಲೇ ಇದ್ದರೆ, ಈಗ ನೀವು ಒಪ್ಪಿಲ್ಲ ಎಂದು ಬರೆದದ್ದರಿಂದ ಅದು ಹೋಗುವುದಿಲ್ಲ.