ಹಸಿ ಉಸುಕಿನ ಲೆಕ್ಕ: 25 ಏಕೆ, 20 ಏಕಲ್ಲ

ನಿನ್ನೆ ಜೇವರ್ಗಿ ಹತ್ತಿರ ಒಂದು ಮನೆಯ ನೆಲದ ಕಾಂಕ್ರೀಟ್ ಲೆಕ್ಕ ಹಾಕುವಾಗ ನಾನು ಎಡವಿದ್ದು ಇಲ್ಲೇ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಉಸುಕಿಗೆ ಸ್ವಲ್ಪ ನೀರು ತಾಗಿದರೆ ಪ್ರತಿ ಕಣದ ಸುತ್ತ ತೆಳ್ಳಗೆ ನೀರಿನ ಪೊರೆ ಕೂರುತ್ತದೆ. ಆ ಪೊರೆ ಕಣಗಳನ್ನು ಒತ್ತೊತ್ತಾಗಿ ಕೂರಲು ಬಿಡುವುದಿಲ್ಲ, ಹಾಗಾಗಿ ರಾಶಿ ಉಬ್ಬುತ್ತದೆ. ಸುಮಾರು 5% ತೇವದಲ್ಲಿ ಉಬ್ಬು ಜಾಸ್ತಿ. ಸಣ್ಣ ಉಸುಕು ಇನ್ನೂ ಹೆಚ್ಚು ಉಬ್ಬುತ್ತದೆ. ಪೂರ್ತಿ ನೀರಲ್ಲಿ ಮುಳುಗಿಸಿದರೆ ಪೊರೆ ಇರುವುದಿಲ್ಲ, ಉಸುಕು ಒಣಗಿದ್ದಾಗಿನ ಅಳತೆಗೇ ಇಳಿಯುತ್ತದೆ. ಸೈಟಿನ ಪರೀಕ್ಷೆ ನಿಂತಿರುವುದು ಇದರ ಮೇಲೆ.

ನೇರ ಗೋಡೆಯ ಡಬ್ಬಿಯಲ್ಲಿ ಹಸಿ ಉಸುಕನ್ನು ಒತ್ತದೆ ಹಾಕಿ, ಮಟ್ಟ ಮಾಡಿ ಅಳೆದೆವು: 20 ಸೆಂ.ಮೀ. ಅದನ್ನು ಹೊರಗೆ ತೆಗೆದು, ಡಬ್ಬಿಗೆ ಅರ್ಧ ನೀರು ಹಾಕಿ, ಅದೇ ಉಸುಕನ್ನು ವಾಪಸ್ ಸುರಿದು ಕಲಕಿದೆವು. ಕೂತ ಮೇಲೆ 16 ಸೆಂ.ಮೀ. ಮೇಲೆ ತೇಲಿ ಕೂರುವ ಮಣ್ಣಿನ ಪದರವನ್ನು ಅಳತೆಗೆ ಸೇರಿಸಬಾರದು.

ಇಳಿದದ್ದು 4 ಸೆಂ.ಮೀ. ನಾನು 4ನ್ನು 20ರಿಂದ ಭಾಗಿಸಿ 20% ಅಂದೆ. ತಪ್ಪು. ಉಬ್ಬಿದ್ದು ಯಾವುದು? 16 ಇದ್ದದ್ದು ಉಬ್ಬಿ 20 ಆಗಿದೆ. ಹಾಗಾಗಿ 16ರಿಂದಲೇ ಭಾಗಿಸಬೇಕು: 25%. ಹಸಿ ಉಸುಕಿನಲ್ಲಿ ಕಡಿಮೆ ಬೀಳುವುದು 20%, ಅದನ್ನು ತುಂಬಲು ಸೇರಿಸಬೇಕಾದ್ದು 25%. ಎರಡೂ ಅದೇ 4 ಸೆಂ.ಮೀ., ಆದರೆ ಬುಡ ಬೇರೆ. ಇದು ತಲೆಗೆ ಹೋಗಲು ನನಗೆ ಅರ್ಧ ಗಂಟೆ ಬೇಕಾಯಿತು!

ಈಗ ಶೇಕಡಾವನ್ನೇ ಬಿಟ್ಟಿದ್ದೇನೆ. ಬೇಕಾದ ಒಣ ಅಳತೆಯನ್ನು 20ರಿಂದ ಗುಣಿಸಿ 16ರಿಂದ ಭಾಗಿಸಿದರೆ ಮುಗಿಯಿತು, ತಪ್ಪುವ ಮಾತೇ ಇಲ್ಲ.

1:2:4 ಮಿಶ್ರಣಕ್ಕೆ ಒಂದು ಚೀಲ ಸಿಮೆಂಟ್ ಅಂದರೆ 35 ಲೀಟರ್. ಉಸುಕು 70 ಲೀಟರ್, ಅಂದರೆ 35 ಲೀಟರಿನ ಎರಡು ಫರ್ಮಾ. ಹಸಿ ಇದ್ದರೆ 87.5 ಲೀಟರ್, ಎರಡೂವರೆ ಫರ್ಮಾ. ಜಲ್ಲಿ ಹೀಗೆ ಉಬ್ಬುವುದಿಲ್ಲ, ಅದನ್ನು ಮುಟ್ಟಬೇಡಿ. ಆದರೆ ಉಸುಕಿನಲ್ಲೇ ಇರುವ 5 ಲೀಟರಿನಷ್ಟು ನೀರನ್ನು ಕಲಸುವ ನೀರಿನಲ್ಲಿ ಕಳೆಯಬೇಕು.

ನಮಗೆ ಬೇಕಿದ್ದು 40 ಚೀಲದ ಕೆಲಸ. ಒಣ ಲೆಕ್ಕದಲ್ಲಿ 2,800 ಲೀಟರ್, ಹೆಚ್ಚುಕಡಿಮೆ ಒಂದು ಬ್ರಾಸ್, ಅಂದರೆ 100 ಘನ ಅಡಿ. ಹಸಿ ಉಸುಕು ಒಂದೇ ಬ್ರಾಸ್ ತರಿಸಿದ್ದರೆ ನಿಜವಾಗಿ ಸಿಗುತ್ತಿದ್ದದ್ದು 80 ಘನ ಅಡಿ, 32 ಚೀಲಕ್ಕೆ ಸಾಕಾಗುವಷ್ಟು. ನನ್ನ ತಪ್ಪು 20% ಸೇರಿಸಿದ್ದರೂ 96 ಮಾತ್ರ. ಹೇಳಬೇಕಾದ್ದು 125. ಟನ್ ಲೆಕ್ಕದಲ್ಲಿ ಕೊಂಡರೆ ಈ ಉಬ್ಬು ಬರುವುದಿಲ್ಲ, ಆದರೆ ತೂಕದಲ್ಲಿ ನೀರೂ ಸೇರಿರುತ್ತದೆ.

ಕಲಬುರಗಿ ಬಿಸಿಲಿಗೆ ರಾಶಿಯ ಮೇಲ್ಭಾಗ ಮಧ್ಯಾಹ್ನಕ್ಕೆ ಒಣಗುತ್ತದೆ, ಬುಡ ಹಸಿಯೇ ಇರುತ್ತದೆ. ಊಟದ ನಂತರ ತೋಡಿ ಕಲಸಿ ಮತ್ತೆ ಪರೀಕ್ಷಿಸಿದಾಗ 20 ಇಳಿದದ್ದು 17.5ಕ್ಕೆ. ಅಲ್ಲಿಂದ ಚೀಲಕ್ಕೆ 80 ಲೀಟರ್ ಹಾಕಿದೆವು.