ಡ್ರೈಯರ್ ಮೀಟರ್ 150ಕ್ಕೆ ಅಂಟಿಕೊಂಡಾಗ

ಜನವರಿ ಅಂದರೆ ಕೊಡಗಿನಲ್ಲಿ ಕಾಫಿ ಕೊಯ್ಲಿನ ಭರಾಟೆ. ಆಗ ಡ್ರೈಯರ್ ನಿಂತರೆ ಹಸಿ ಕಾಫಿ ರಾಶಿ ಬೀಳುತ್ತದೆ. ಕುಶಾಲನಗರದ ಕಡೆ ಒಂದು ಡ್ರೈಯರ್‌ನಲ್ಲಿ ಹೀಗೇ ಆಯಿತು. ಪ್ಯಾನೆಲ್ 150 ಡಿಗ್ರಿ ತೋರಿಸುತ್ತಿತ್ತು, ಬರ್ನರ್ ಹತ್ತುತ್ತಿರಲಿಲ್ಲ. "ಸಾರ್, ಡ್ರಮ್ ಮುಟ್ಟಿದರೆ ತಣ್ಣಗಿದೆ" ಎಂದರು ಆಪರೇಟರ್.

ಅಲ್ಲಿದ್ದದ್ದು ಬಿಸಿ ಏರಿದಂತೆ ರೆಸಿಸ್ಟೆನ್ಸ್ ಏರುವ ಪಿಟಿ100 ಸೆನ್ಸರ್, ಅದರ ತಲೆಯಲ್ಲೇ ಆ ಅಳತೆಯನ್ನು ಕರೆಂಟ್ ಮಾಡಿ ಪ್ಯಾನೆಲ್‌ಗೆ ಕಳಿಸುವ ಎರಡು ತಂತಿಯ ಟ್ರಾನ್ಸ್‌ಮಿಟರ್. 0 ಡಿಗ್ರಿಗೆ 4 ಮಿಲಿಆಂಪ್, 150ಕ್ಕೆ 20. ಪ್ಯಾನೆಲ್ ತನ್ನ ಮಿತಿಗಿಂತ ಆಚೆ ತೋರಿಸುವುದಿಲ್ಲ, ಅದಕ್ಕೇ ಅದನ್ನು ನಂಬಿ ಕೂರಬಾರದು. ಪ್ಯಾನೆಲ್ ಬಳಿ ಒಂದು ತಂತಿ ಬಿಚ್ಚಿ ಮಲ್ಟಿಮೀಟರನ್ನು ಸರಣಿಯಲ್ಲಿ ಹಾಕಿ ಕರೆಂಟ್ ಅಳೆಯಬೇಕು. ಇಲ್ಲಿ 22ರ ಹತ್ತಿರ ಬಂತು.

ಆ ಅಂಕಿಯೇ ಅರ್ಧ ಕಥೆ ಹೇಳುತ್ತದೆ. ಹೆಚ್ಚಿನ ಟ್ರಾನ್ಸ್‌ಮಿಟರ್‌ಗಳು ಸೆನ್ಸರ್ ತುಂಡಾದಾಗ 21ಕ್ಕಿಂತ ಮೇಲೆ, ಇಲ್ಲವೇ 3.6ಕ್ಕಿಂತ ಕೆಳಗೆ ಹೋಗಿ ನಿಲ್ಲುತ್ತವೆ. ಯಾವ ಕಡೆ ಅನ್ನುವುದು ಸೆಟ್ಟಿಂಗ್. ಕೇಬಲ್ ಶಾರ್ಟ್ ಆಗಿದ್ದರೂ ಪ್ಯಾನೆಲ್ ಗರಿಷ್ಠವನ್ನೇ ತೋರಿಸುತ್ತದೆ. ಆದರೆ ಆಗ ಕರೆಂಟ್ ಸಾಮಾನ್ಯವಾಗಿ ಇನ್ನೂ ಜಾಸ್ತಿ ಇರುತ್ತದೆ. ಅನುಮಾನ ಇದ್ದರೆ ಟ್ರಾನ್ಸ್‌ಮಿಟರ್ ಹತ್ತಿರ ಒಂದು ತಂತಿ ಬಿಚ್ಚಿ. ಕರೆಂಟ್ ಸೊನ್ನೆಗಿಳಿದರೆ ಕೇಬಲ್ ಸರಿ ಇದೆ. ಇಳಿಯದಿದ್ದರೆ ದಾರಿಯಲ್ಲೆಲ್ಲೋ ಎರಡು ತಂತಿ ಕೂಡಿಕೊಂಡಿವೆ. ಮಳೆಗಾಲದಲ್ಲಿ ನಾನು ಮೊದಲು ನೀರು ನುಗ್ಗಿದ ಜಂಕ್ಷನ್ ಬಾಕ್ಸ್ ನೋಡುತ್ತೇನೆ.

ನಮ್ಮ ಡ್ರೈಯರ್‌ನಲ್ಲಿ ಸೊನ್ನೆಗಿಳಿಯಿತು. ಉಳಿದದ್ದು ಸೆನ್ಸರ್ ಅಥವಾ ಟ್ರಾನ್ಸ್‌ಮಿಟರ್. ಸೆನ್ಸರ್ ಬಿಚ್ಚಿ, ಅದರ ಜಾಗದಲ್ಲಿ 120 ಓಮ್ ರೆಸಿಸ್ಟರ್ ಹಾಕಿದೆವು. ಮೂರು ತಂತಿಯ ಜೋಡಣೆ, ಹಾಗಾಗಿ ಒಂದೇ ಬದಿಗೆ ಸೇರುವ ಎರಡು ಟರ್ಮಿನಲ್‌ಗಳನ್ನು ತುಂಡು ತಂತಿಯಿಂದ ಕೂಡಿಸಬೇಕಾಯಿತು. 120 ಓಮ್ ಅಂದರೆ ಸುಮಾರು 52 ಡಿಗ್ರಿ, 9.5 ಮಿಲಿಆಂಪ್ ಬರಬೇಕು. ಬಂತು. ಟ್ರಾನ್ಸ್‌ಮಿಟರ್ ಚೆನ್ನಾಗಿದೆ, ಡ್ರಮ್‌ನ ಅದುರಾಟಕ್ಕೆ ಪಿಟಿ100ರ ಒಳಗಿನ ತಂತಿ ಕಡಿದಿತ್ತು.

ಕರೆಂಟ್ ಪೂರ್ತಿ ಸೊನ್ನೆ ಇದ್ದರೆ ವೋಲ್ಟೇಜ್ ಅಳೆಯಿರಿ. ಪ್ಯಾನೆಲ್ ಟರ್ಮಿನಲ್‌ನಲ್ಲೇ 24 ವೋಲ್ಟ್ ಇಲ್ಲದಿದ್ದರೆ ಸಪ್ಲೈ ಅಥವಾ ಫ್ಯೂಸ್ ನೋಡಿ. ಅಲ್ಲಿದ್ದು ಟ್ರಾನ್ಸ್‌ಮಿಟರ್ ಬಳಿ ಇಲ್ಲದಿದ್ದರೆ ನಡುವೆ ತಂತಿ ಕಡಿದಿದೆ. ಟ್ರಾನ್ಸ್‌ಮಿಟರ್‌ವರೆಗೂ 24 ಬಂದು ಕರೆಂಟ್ ಹರಿಯದಿದ್ದರೆ ಪ್ಲಸ್ ಮೈನಸ್ ಅದಲುಬದಲಾಗಿದೆಯೇ ನೋಡಿ. ಅದೂ ಸರಿ ಇದ್ದರೆ ಟ್ರಾನ್ಸ್‌ಮಿಟರ್ ಸತ್ತಿದೆ.

ನನಗೆ ಜಾಸ್ತಿ ಭಯ ಈ ಸೊನ್ನೆಯದ್ದೇ. 150 ತೋರಿಸಿದರೆ ಬರ್ನರ್ ಆರುತ್ತದೆ, ಕೆಲಸ ನಿಲ್ಲುತ್ತದೆ ಅಷ್ಟೆ. ಸೊನ್ನೆ ತೋರಿಸಿದರೆ ಕಂಟ್ರೋಲರ್ ಡ್ರಮ್ ತಣ್ಣಗಿದೆ ಅಂದುಕೊಂಡು ಉರಿಸುತ್ತಲೇ ಹೋಗುತ್ತದೆ, ಕಾಫಿ ಸೀಯುತ್ತದೆ. ಡ್ರೈಯರ್‌ಗೆ ಸೆನ್ಸರ್ ದೋಷದ ಸೆಟ್ಟಿಂಗ್ ಮೇಲ್ಮುಖವಾಗಿಯೇ ಇರಲಿ. ಆದರೆ ಕಡಿದ ಕೇಬಲ್‌ಗೆ ಅದು ಸಾಲದು. ಕರೆಂಟ್ 3.6ಕ್ಕಿಂತ ಕೆಳಗಿಳಿದರೆ ಬರ್ನರ್ ಆರುವಂತೆ ಕಂಟ್ರೋಲರ್‌ನಲ್ಲೂ ಹಾಕಿಸಿ. ಕೊಯ್ಲು ಶುರುವಾಗುವ ಮುಂಚೆ ಒಂದು ತಂತಿ ಬಿಚ್ಚಿ, ನಿಜಕ್ಕೂ ಆರುತ್ತದೆಯೇ ಎಂದು ನೋಡಿಬಿಡಿ.